ಸ್ಪೀಕರ್ ತೀರ್ಪಿನ ಮೇಲೆ ತೀರ್ಪು: ಪಕ್ಷಾಂತರ ಪ್ರಕರಣವೊಂದರ ಅಣಕು ವಿಚಾರಣೆ

2010ರ ಅಕ್ಟೋಬರ್‌ನಲ್ಲಿ ಕರ್ನಾಟಕ ವಿಧಾನಸಭೆಯ ಸ್ಪೀಕರ್ ಕೆ.ಜಿ. ಬೋಪಯ್ಯ ಅವರು ಆಡಳಿತ ಪಕ್ಷದ 11 ಶಾಸಕರನ್ನೂ ಐವರು ಪಕ್ಷೇತರರನ್ನೂ ಅನರ್ಹಗೊಳಿಸಿದರು. ನೋಟಿಸ್ ಹೊರಟದ್ದು 7ರಂದು, ಆದೇಶ ಬಂದದ್ದು 10ರಂದು. ಸುಪ್ರೀಂ ಕೋರ್ಟ್ ಆ ಆದೇಶ ನಿಲ್ಲುವುದಿಲ್ಲ ಎಂದಿತು. 2019ರ ಜುಲೈನಲ್ಲಿ ಅದೇ ಪೀಠದಲ್ಲಿ ಕೂತಿದ್ದ ಕೆ.ಆರ್. ರಮೇಶ್ ಕುಮಾರ್ ಅವರು 17 ಶಾಸಕರನ್ನು ಅನರ್ಹಗೊಳಿಸಿದರು. ಉತ್ತರ ಕೊಡಲು ಸಾಕಷ್ಟು ಸಮಯ ಸಿಗಲಿಲ್ಲ ಎಂದು ಅವರೂ ದೂರಿದರು. ಈ ಸಲ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು.

ಸದನ ಒಂದೇ, ನಿಯಮಾವಳಿ ಒಂದೇ, ಫಲಿತಾಂಶ ಮಾತ್ರ ಎರಡು. ಕಾನೂನು ಕಾಲೇಜುಗಳ ಅಣಕು ನ್ಯಾಯಾಲಯಗಳಿಗೆ, ಅಂದರೆ ಮೂಟ್ ಕೋರ್ಟ್‌ಗಳಿಗೆ, ಪಕ್ಷಾಂತರ ಅಚ್ಚುಮೆಚ್ಚಿನ ವಿಷಯವಾಗಿರಲು ಇದೇ ಕಾರಣ. ಎರಡೂ ಕಡೆಯವರ ಕೈಯಲ್ಲಿ ಕರ್ನಾಟಕದ್ದೇ ಒಂದೊಂದು ತೀರ್ಪು ಇರುತ್ತದೆ. ತನ್ನ ತೀರ್ಪನ್ನು ಓದಿ ಹೇಳುವುದು ಸುಲಭ, ಎದುರಾಳಿಯ ತೀರ್ಪು ಈ ಪ್ರಕರಣಕ್ಕೆ ಏಕೆ ಹೊಂದುವುದಿಲ್ಲ ಎಂದು ತೋರಿಸುವುದು ಕಷ್ಟ.

ಭಾರತೀಯ ವಕೀಲರ ಪರಿಷತ್ತಿನ 2008ರ ಶಿಕ್ಷಣ ನಿಯಮಗಳಲ್ಲಿ ಮೂಟ್ ಕಡ್ಡಾಯ ಪ್ರಾಯೋಗಿಕ ಪತ್ರಿಕೆಯೊಂದರ ಭಾಗ. ವರ್ಷಕ್ಕೆ ಮೂರು ಮೂಟ್, ತಲಾ ಹತ್ತು ಅಂಕ. ಅದರಲ್ಲಿ ಅರ್ಧ ಲಿಖಿತ ವಾದಕ್ಕೆ, ಅರ್ಧ ಮೌಖಿಕ ವಾದಕ್ಕೆ. ಅಂತರಕಾಲೇಜು ಸ್ಪರ್ಧೆಗಳಲ್ಲಿ ಒಂದೇ ತಂಡ ಒಂದು ಸುತ್ತಿನಲ್ಲಿ ಅರ್ಜಿದಾರನ ಪರ, ಇನ್ನೊಂದು ಸುತ್ತಿನಲ್ಲಿ ಅವನ ವಿರುದ್ಧ ನಿಲ್ಲಬೇಕಾಗುತ್ತದೆ. ಎದುರಿಗೆ ನ್ಯಾಯಾಧೀಶರಾಗಿ ಕೂತ ಹಿರಿಯ ವಕೀಲರು ಎರಡು ವಾಕ್ಯ ಮುಗಿಯುವ ಮೊದಲೇ ಪ್ರಶ್ನೆ ಎಸೆಯುತ್ತಾರೆ. ಇಂಥ ಸ್ಪರ್ಧೆಗಳಲ್ಲಿ ಕೊಡುವ ಬಗೆಯದೇ ಒಂದು ಸಮಸ್ಯೆಯನ್ನು ನಾವೂ ಕಟ್ಟಿಕೊಂಡು, ಅದನ್ನು ಕೊನೆಯವರೆಗೆ ನಡೆಸಿ ನೋಡೋಣ.

ಸಮಸ್ಯೆ

ಒಂದು ರಾಜ್ಯ. ಅಲ್ಲಿನ ಸಮ್ಮಿಶ್ರ ಸರ್ಕಾರದ ಬಹುಮತ ಕೂದಲೆಳೆಯದು. ಆಡಳಿತ ಪಕ್ಷದ ಶಾಸಕನೊಬ್ಬ ಜುಲೈ 3ರಂದು ಶಾಸಕಾಂಗ ಪಕ್ಷದ ಸಭೆಗೆ ಗೈರಾಗುತ್ತಾನೆ. 5ರಂದು ವಿರೋಧ ಪಕ್ಷದ ಮುಖಂಡರ ಜೊತೆ ವಿಶೇಷ ವಿಮಾನ ಹತ್ತಿ ನೆರೆರಾಜ್ಯದ ರೆಸಾರ್ಟ್ ಸೇರುತ್ತಾನೆ. ಈ ಸರ್ಕಾರ ಉಳಿಯಬಾರದು ಎಂದು ಅಲ್ಲಿ ಟಿ.ವಿ. ಕ್ಯಾಮೆರಾದ ಮುಂದೆ ಹೇಳುತ್ತಾನೆ. 6ರಂದು ಸ್ಪೀಕರ್ ಕಚೇರಿಗೆ ರಾಜೀನಾಮೆ ಪತ್ರ ತಲುಪುತ್ತದೆ. ಸ್ಪೀಕರ್ ಅದರ ಬಗ್ಗೆ ಏನನ್ನೂ ನಿರ್ಧರಿಸುವುದಿಲ್ಲ. 8ರಂದು ಶಾಸಕಾಂಗ ಪಕ್ಷದ ನಾಯಕ ಅನರ್ಹತೆಯ ಅರ್ಜಿ ಕೊಡುತ್ತಾನೆ. 10ರಂದು ನೋಟಿಸ್ ಹೋಗುತ್ತದೆ, 13ರೊಳಗೆ ಉತ್ತರಿಸಬೇಕು. ಶಾಸಕ ನಾಲ್ಕು ವಾರ ಕೇಳುತ್ತಾನೆ, ಸಿಗುವುದಿಲ್ಲ. 18ರಂದು ವಿಶ್ವಾಸಮತ. ವಿಪ್ ಜಾರಿಯಾಗಿದ್ದರೂ ಶಾಸಕ ಬರುವುದಿಲ್ಲ, ಸರ್ಕಾರ ಬೀಳುತ್ತದೆ. 20ರಂದು ಸ್ಪೀಕರ್ ಅವನನ್ನು ವಿಧಾನಸಭೆಯ ಉಳಿದ ಅವಧಿಯಿಡೀ ಅನರ್ಹ ಎಂದು ಘೋಷಿಸುತ್ತಾರೆ. ಆದೇಶಕ್ಕೆ ಟಿ.ವಿ. ದೃಶ್ಯದ ಜೊತೆ ಪಕ್ಷದ ರಾಜ್ಯಾಧ್ಯಕ್ಷನ ಪ್ರಮಾಣಪತ್ರವನ್ನೂ ಆಧಾರ ಮಾಡಿಕೊಂಡಿದ್ದಾರೆ. ಆ ಪ್ರಮಾಣಪತ್ರದ ಪ್ರತಿಯನ್ನು ಶಾಸಕನಿಗೆ ಕೊಟ್ಟಿಲ್ಲ.

ಕೊನೆಯಲ್ಲೊಂದು ಕೊಕ್ಕೆಯೂ ಇದೆ. ವಿರೋಧ ಪಕ್ಷದಿಂದ ಆಡಳಿತ ಪಕ್ಷಕ್ಕೆ ಹಾರಿದ ಇನ್ನೊಬ್ಬ ಶಾಸಕನ ಮೇಲಿನ ಅರ್ಜಿ ಅದೇ ಸ್ಪೀಕರ್ ಮುಂದೆ ಹದಿನಾಲ್ಕು ತಿಂಗಳಿಂದ ಕೊಳೆಯುತ್ತಿದೆ. ಎರಡನ್ನೂ ಸೇರಿಸಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಲಾಗಿದೆ.

ಅನನುಭವಿ ತಂಡ ಸಂವಿಧಾನ ತೆರೆದು ಹತ್ತನೇ ಅನುಸೂಚಿಯಿಂದ ಓದು ಶುರುಮಾಡುತ್ತದೆ. ಪಳಗಿದ ತಂಡ ಮೊದಲು ಒಂದು ಹಾಳೆಯ ಮೇಲೆ ತಾರೀಖುಗಳನ್ನು ಕ್ರಮವಾಗಿ ಬರೆದುಕೊಳ್ಳುತ್ತದೆ. ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಎಂಬುದರ ಮೇಲೇ ಈ ಮೊಕದ್ದಮೆ ನಿಂತಿದೆ.

ಬಾಗಿಲಲ್ಲೇ ತಡೆ

ಅರ್ಜಿದಾರನ ವಕೀಲೆ ಎದ್ದು ನಿಂತು ವಾದ ಆರಂಭಿಸುವಷ್ಟರಲ್ಲಿ ಪೀಠದಿಂದ ಪ್ರಶ್ನೆ ಬರುತ್ತದೆ: “ಸ್ಪೀಕರ್ ತೀರ್ಮಾನವೇ ಅಂತಿಮ ಎಂದು ಸಂವಿಧಾನವೇ ಹೇಳಿದೆಯಲ್ಲ? ನಾವೇಕೆ ನಿಮ್ಮ ಅರ್ಜಿ ಕೇಳಬೇಕು?”

1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಹತ್ತನೇ ಅನುಸೂಚಿ ಸಂವಿಧಾನಕ್ಕೆ ಸೇರಿತು. ಅದರ 6ನೇ ಪ್ಯಾರಾ ಅನರ್ಹತೆಯ ಪ್ರಶ್ನೆಯನ್ನು ಸದನದ ಅಧ್ಯಕ್ಷರ ಕೈಗೆ ಕೊಟ್ಟು, ಅವರ ನಿರ್ಧಾರ ಅಂತಿಮ ಎಂದಿತು. 7ನೇ ಪ್ಯಾರಾ ಇನ್ನೂ ಮುಂದೆ ಹೋಗಿ, ಈ ವಿಷಯದಲ್ಲಿ ಯಾವ ನ್ಯಾಯಾಲಯಕ್ಕೂ ಅಧಿಕಾರವಿಲ್ಲ ಎಂದಿತು. 1992ರ ಕಿಹೋಟೊ ಹೊಲ್ಲೊಹನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಇದನ್ನು ಪರಿಶೀಲಿಸಿತು. ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟುಗಳ ಅಧಿಕಾರವನ್ನು ಮೊಟಕುಗೊಳಿಸುವ ತಿದ್ದುಪಡಿಗೆ ಸಂಸತ್ತಿನ ಒಪ್ಪಿಗೆಯೊಂದೇ ಸಾಲದು, ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳೂ ಒಪ್ಪಬೇಕು. ಹಾಗೆ ಒಪ್ಪಿಗೆ ಪಡೆದಿರಲಿಲ್ಲವಾದ್ದರಿಂದ 7ನೇ ಪ್ಯಾರಾ ಬಿದ್ದುಹೋಯಿತು. ಉಳಿದ ಅನುಸೂಚಿ ಉಳಿಯಿತೇ ಎಂಬುದರಲ್ಲಿ ಪೀಠ ಒಡೆಯಿತು. ಉಳಿಯುತ್ತದೆ ಎಂದ ಮೂವರ ಬಹುಮತದ ತೀರ್ಪನ್ನು ಬರೆದವರು ಬೆಂಗಳೂರಿನವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ.

ಬಹುಮತದ ಪ್ರಕಾರ ಪಕ್ಷಾಂತರದ ದೂರು ವಿಚಾರಿಸುವಾಗ ಸ್ಪೀಕರ್ ಸದನ ನಡೆಸುವ ಸ್ಪೀಕರ್ ಅಲ್ಲ, ಒಂದು ನ್ಯಾಯಮಂಡಳಿ. ನ್ಯಾಯಮಂಡಳಿಯ ತೀರ್ಮಾನ ಅಂತಿಮವೆಂದರೆ ಅದರ ಮೇಲೆ ಮೇಲ್ಮನವಿ ಇಲ್ಲ ಎಂದಷ್ಟೇ ಅರ್ಥ, ನ್ಯಾಯಾಂಗ ಪರಾಮರ್ಶೆ ಇಲ್ಲವೆಂದಲ್ಲ. ಆದರೆ ಆ ಪರಾಮರ್ಶೆಗೆ ಬಾಗಿಲುಗಳು ನಾಲ್ಕೇ: ಸಂವಿಧಾನದ ಆಜ್ಞೆಯ ಉಲ್ಲಂಘನೆ, ದುರುದ್ದೇಶ, ಸಹಜ ನ್ಯಾಯದ ಉಲ್ಲಂಘನೆ, ಮತ್ತು ಸಾಕ್ಷ್ಯವೇ ಇಲ್ಲದೆ ಬಂದ ವಿಪರೀತ ತೀರ್ಮಾನ. ಒಳಗೆ ಬರಬೇಕಾದರೆ ಈ ನಾಲ್ಕರಲ್ಲೊಂದನ್ನು ತಟ್ಟಬೇಕು.

ಮೂಟ್‌ನಲ್ಲಿ ಅಂಕ ಕಳೆದುಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲೇ. “ನಮ್ಮ ಕಕ್ಷಿದಾರ ಪಕ್ಷ ಬಿಟ್ಟಿಲ್ಲ, ಸ್ಪೀಕರ್ ತಪ್ಪು ತಿಳಿದರು” ಎಂದು ಅವರು ವಾದಿಸುತ್ತಾರೆ. ಅದು ಮೇಲ್ಮನವಿಯ ವಾದ. ಹೈಕೋರ್ಟ್ ಸ್ಪೀಕರ್ ಜಾಗದಲ್ಲಿ ಕೂತು ಸಾಕ್ಷ್ಯವನ್ನು ಮತ್ತೆ ತೂಗುವುದಿಲ್ಲ. ಅದು ನೋಡುವುದು ಸ್ಪೀಕರ್ ಆ ತೀರ್ಮಾನಕ್ಕೆ ಬಂದ ದಾರಿಯನ್ನು. ಯಾವ ಕಾಗದ ನೋಡಿದರು, ಯಾರಿಗೆ ಅದನ್ನು ತೋರಿಸಿದರು, ಎಷ್ಟು ಸಮಯ ಕೊಟ್ಟರು, ಕಾನೂನು ಕೇಳುವ ಪ್ರಶ್ನೆಯನ್ನೇ ಕೇಳಿಕೊಂಡರೇ?

ಹೈಕೋರ್ಟನ್ನು ಬಿಟ್ಟು ನೇರ ಸುಪ್ರೀಂ ಕೋರ್ಟಿಗೆ ಹೋಗಬಹುದಿತ್ತೇ ಎಂದೂ ಪೀಠ ಕೆಣಕಬಹುದು. 2019ರಲ್ಲಿ ಕರ್ನಾಟಕದ ಶಾಸಕರು ಹಾಗೆಯೇ ಹೋಗಿದ್ದರು. ಪರಿಸ್ಥಿತಿ ನೋಡಿ ಸುಪ್ರೀಂ ಕೋರ್ಟ್ ಅರ್ಜಿಗಳನ್ನು ಕೇಳಿತಾದರೂ, ಮೊದಲು ಹೈಕೋರ್ಟಿಗೆ ಹೋಗಬೇಕಿತ್ತು ಎಂದು ಅಸಮಾಧಾನ ದಾಖಲಿಸಿತು. ನಮ್ಮ ಸಮಸ್ಯೆಯ ಶಾಸಕ ಸರಿಯಾದ ಬಾಗಿಲಿಗೇ ಬಂದಿದ್ದಾನೆ.

ರಾಜೀನಾಮೆ ಮೊದಲೋ, ಪಕ್ಷಾಂತರ ಮೊದಲೋ

ಅರ್ಜಿದಾರನ ಮೊದಲ ವಾದ ನೇರವಾದದ್ದು. 6ರಂದು ರಾಜೀನಾಮೆ, 8ರಂದು ದೂರು. ಹೊರಟುಹೋದವನನ್ನು ಹೊರಹಾಕುವುದು ಹೇಗೆ? ಸಂವಿಧಾನದ 190ನೇ ವಿಧಿ ಶಾಸಕನಿಗೆ ರಾಜೀನಾಮೆಯ ಹಕ್ಕು ಕೊಟ್ಟಿದೆ. ಅದು ಸ್ವಇಚ್ಛೆಯದೇ, ನಿಜವಾದದ್ದೇ ಎಂದಷ್ಟನ್ನೇ ಸ್ಪೀಕರ್ ನೋಡಬೇಕು.

ಪೀಠದ ಪ್ರಶ್ನೆ: “ಹೇಗಿದ್ದರೂ ಹೋಗಬೇಕೆಂದಿದ್ದವನು ಹೋದ. ರಾಜೀನಾಮೆ ಎಂದರೇನು, ಅನರ್ಹತೆ ಎಂದರೇನು, ಅವನಿಗೆ ಇದರಿಂದ ಏನು ನಷ್ಟ?”

ನಷ್ಟ ದೊಡ್ಡದೇ. ಬರೀ ರಾಜೀನಾಮೆ ಕೊಟ್ಟವನು ಮರುದಿನವೇ ಹೊಸ ಸರ್ಕಾರದಲ್ಲಿ ಮಂತ್ರಿಯಾಗಬಹುದು. ಆರು ತಿಂಗಳೊಳಗೆ ಯಾವುದಾದರೂ ಸದನದ ಸದಸ್ಯನಾದರೆ ಸಾಕು. ಆದರೆ ಪಕ್ಷಾಂತರಕ್ಕಾಗಿ ಅನರ್ಹನಾದವನು 2003ರ 91ನೇ ತಿದ್ದುಪಡಿಯ ಪ್ರಕಾರ, ಅವನ ಅವಧಿ ಮುಗಿಯುವವರೆಗೆ ಅಥವಾ ಮತ್ತೆ ಚುನಾಯಿತನಾಗುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಮಂತ್ರಿಯಾಗುವಂತಿಲ್ಲ. 2019ರ ಡಿಸೆಂಬರ್‌ನ ಉಪಚುನಾವಣೆಯಲ್ಲಿ ಹುಣಸೂರಿನಲ್ಲಿ ಸೋತ ಎಚ್. ವಿಶ್ವನಾಥ್ ಅವರು ಮರುವರ್ಷ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ನಾಮಕರಣ ಚುನಾವಣೆಯಲ್ಲ, ಆದ್ದರಿಂದ ಮೇಲ್ನೋಟಕ್ಕೆ ಅವರು ಮಂತ್ರಿಯಾಗುವಂತಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2020ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಕೊಟ್ಟಿತು. ಅವರಂತೆಯೇ ಉಪಚುನಾವಣೆಯಲ್ಲಿ ಸೋತಿದ್ದ ಎಂ.ಟಿ.ಬಿ. ನಾಗರಾಜ್ ಪರಿಷತ್ತಿಗೆ ಚುನಾಯಿತರಾಗಿ ಬಂದಿದ್ದರಿಂದ ಆ ತಡೆ ಅವರಿಗೆ ತಟ್ಟಲಿಲ್ಲ. ಮುಂದಿನ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೈಕೋರ್ಟಿನ ಆದೇಶದಲ್ಲಿ ಕೈಹಾಕಲಿಲ್ಲ. ಅನರ್ಹತೆ ಎಂಬ ಹಣೆಪಟ್ಟಿಯನ್ನು ತಪ್ಪಿಸಿಕೊಳ್ಳಲು ಶಾಸಕರು ರಾಜೀನಾಮೆಯ ಹಿಂದೆ ಏಕೆ ಅಡಗುತ್ತಾರೆ ಎಂಬುದು ಇದರಿಂದ ತಿಳಿಯುತ್ತದೆ.

ಈಗ ಎದುರು ಪಕ್ಷದ ಸರದಿ. ಅವರ ಕೈಯಲ್ಲಿ 2019ರ ನವೆಂಬರ್ 13ರ ತೀರ್ಪಿದೆ. ನ್ಯಾಯಮೂರ್ತಿ ಎನ್.ವಿ. ರಮಣ ನೇತೃತ್ವದ ಮೂವರ ಪೀಠ ಅಲ್ಲಿ ಎರಡು ಮಾತು ಹೇಳಿತು. ಒಂದು, ರಾಜೀನಾಮೆಯ ಹಿಂದಿನ ಉದ್ದೇಶ ಕೆದಕುವ ಅಧಿಕಾರ ಸ್ಪೀಕರ್‌ಗೆ ಇಲ್ಲ. ಅದು ಸ್ವಇಚ್ಛೆಯದ್ದಾಗಿ ನಿಜವಾಗಿದ್ದರೆ ಒಪ್ಪಲೇಬೇಕು. ಎರಡು, ಅನರ್ಹತೆ ತಗಲುವುದು ಸ್ಪೀಕರ್ ಆದೇಶ ಬಂದ ದಿನವಲ್ಲ, ಪಕ್ಷಾಂತರದ ಕೃತ್ಯ ನಡೆದ ದಿನ. ಕೃತ್ಯ ಮೊದಲೇ ನಡೆದುಹೋಗಿದ್ದರೆ ಆಮೇಲಿನ ರಾಜೀನಾಮೆ ಅದನ್ನು ಅಳಿಸುವುದಿಲ್ಲ. ಅಂದಮೇಲೆ ದೂರು 8ರಂದು ಬಂತೆಂಬುದು ಅರ್ಜಿದಾರನನ್ನು ಉಳಿಸುವುದಿಲ್ಲ.

ಇಲ್ಲಿ ಹೆಚ್ಚಿನ ತಂಡಗಳು ಕೈಚೆಲ್ಲುತ್ತವೆ. ಜಾಣ ವಕೀಲೆ ತೀರ್ಪಿಗೆ ತಲೆಬಾಗುತ್ತಲೇ ಅದರೊಳಗಿನಿಂದ ತನ್ನ ವಾದ ಹೆಣೆಯುತ್ತಾಳೆ: “ಒಪ್ಪಿದೆ ಮಹಾಸ್ವಾಮಿ. ಕೃತ್ಯ 6ಕ್ಕೆ ಮೊದಲೇ ನಡೆದಿರಬೇಕು. ಹಾಗಾದರೆ 6ಕ್ಕೆ ಮೊದಲು ನಡೆದದ್ದೇನು? ಒಂದು ಸಭೆಗೆ ಗೈರು, ಒಂದು ವಿಮಾನ ಪ್ರಯಾಣ, ಒಂದು ಟಿ.ವಿ. ಮಾತು. ವಿಪ್ ಉಲ್ಲಂಘನೆ ನಡೆದದ್ದು 18ರಂದು.”

ಅವಳ ಮಾತಿನಲ್ಲಿ ಹುರುಳಿದೆ. ಪಕ್ಷಾಂತರದಲ್ಲಿ ಎರಡು ಬಗೆ. ಮೊದಲನೆಯದು, ಪಕ್ಷದ ಸದಸ್ಯತ್ವವನ್ನು ಸ್ವಇಚ್ಛೆಯಿಂದ ತೊರೆಯುವುದು. ಎರಡನೆಯದು, ಪಕ್ಷದ ನಿರ್ದೇಶನಕ್ಕೆ ವಿರುದ್ಧವಾಗಿ ಸದನದಲ್ಲಿ ಮತ ಹಾಕುವುದು ಅಥವಾ ಮತದಾನದಿಂದ ದೂರ ಉಳಿಯುವುದು. ಇದನ್ನು ಪಕ್ಷ ಹದಿನೈದು ದಿನದೊಳಗೆ ಮನ್ನಿಸಲೂಬಹುದು. ವಿಪ್‌ನ ಮಾತು ಬರುವುದು ಎರಡನೆಯದರಲ್ಲಿ, ಅದೂ ಸದನದೊಳಗಿನ ಮತದಾನಕ್ಕೆ. ಶಾಸಕಾಂಗ ಪಕ್ಷದ ಸಭೆ ಸದನವಲ್ಲ, ಅಲ್ಲಿಗೆ ಬರಲೇಬೇಕೆಂದು ಪಕ್ಷ ಕಳಿಸುವ ಪತ್ರಕ್ಕೆ ವಿಪ್ ಎಂದು ತಲೆಬರಹ ಹಾಕಿದರೂ ಅದು ಹತ್ತನೇ ಅನುಸೂಚಿಯ ವಿಪ್ ಆಗುವುದಿಲ್ಲ. ಆದ್ದರಿಂದ 3ನೇ ತಾರೀಖಿನ ಗೈರುಹಾಜರಿ ತಾನೊಂದೇ ನಿಲ್ಲಲಾರದು.

ಆದರೆ ಮೊದಲನೆಯ ಬಗೆ ಬಹಳ ಅಗಲ. ಸದಸ್ಯತ್ವ ತೊರೆಯಲು ಪಕ್ಷಕ್ಕೆ ರಾಜೀನಾಮೆ ಬರೆದುಕೊಡಬೇಕಿಲ್ಲ, ನಡವಳಿಕೆಯಿಂದಲೇ ಅದನ್ನು ಊಹಿಸಬಹುದು ಎಂದು 1994ರಲ್ಲಿ ಗೋವಾದ ರವಿ ನಾಯ್ಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ಇಬ್ಬರು ಶಾಸಕರು ಬೇರೆ ಪಕ್ಷದ ನಾಯಕನ ಜೊತೆ ರಾಜ್ಯಪಾಲರನ್ನು ಕಾಣಲು ಹೋಗಿದ್ದರು. ನಮ್ಮ ಶಾಸಕನದೂ ವಿರೋಧಿಗಳ ಜೊತೆಗಿನ ವಿಮಾನ, ಸರ್ಕಾರ ಬೀಳಲಿ ಎಂಬ ಮಾತು. ಇದನ್ನು ಸೇರಿಸಿ ನೋಡಿದರೆ ಸ್ಪೀಕರ್ ತೀರ್ಮಾನಕ್ಕೆ ಸಾಕ್ಷ್ಯವೇ ಇರಲಿಲ್ಲ ಎನ್ನಲಾಗದು. ಸಾಕ್ಷ್ಯ ಸ್ವಲ್ಪವಾದರೂ ಇದ್ದರೆ ಹೈಕೋರ್ಟ್ ಅಷ್ಟಕ್ಕೇ ನಿಲ್ಲುತ್ತದೆ.

ಅರ್ಜಿದಾರನ ಬಳಿ ಇನ್ನೊಂದೇ ಬಾಣ ಉಳಿದಿದೆ. ನಾಯಕನನ್ನು ವಿರೋಧಿಸುವುದೂ ಪಕ್ಷ ಬಿಡುವುದೂ ಒಂದೇ ಅಲ್ಲ ಎಂಬುದು. 2010ರಲ್ಲಿ ಬಿಜೆಪಿಯ ಶಾಸಕರು ಯಡಿಯೂರಪ್ಪ ನೇತೃತ್ವದ ಸರ್ಕಾರಕ್ಕೆ ಬೆಂಬಲವಿಲ್ಲ ಎಂದು ರಾಜ್ಯಪಾಲರಿಗೆ ಪತ್ರ ಕೊಟ್ಟಿದ್ದರು. ಬೇರೆ ನಾಯಕನಿದ್ದರೆ ತಮ್ಮ ಪಕ್ಷದ ಸರ್ಕಾರವನ್ನೇ ಬೆಂಬಲಿಸುತ್ತೇವೆ ಎಂಬುದು ಅವರ ನಿಲುವಾಗಿತ್ತು, ಅದು ಸುಪ್ರೀಂ ಕೋರ್ಟಿನಲ್ಲಿ ಅವರ ನೆರವಿಗೆ ಬಂತು. ನಮ್ಮ ಶಾಸಕ ಹಾಗೆಲ್ಲೂ ಹೇಳಿಲ್ಲ. ಸಮಸ್ಯೆಯಲ್ಲಿ ಇಲ್ಲದ ಸಂಗತಿಯನ್ನು ವಕೀಲೆ ತಾನೇ ಸೇರಿಸಿದರೆ ಪೀಠ ತಕ್ಷಣ ಹಿಡಿಯುತ್ತದೆ. ಮೂಟ್‌ನಲ್ಲಿ ಸಂಗತಿ ಹುಟ್ಟಿಸುವುದು ದೊಡ್ಡ ತಪ್ಪು.

ಮೂರು ದಿನ ಸಾಕೇ?

ಎರಡನೇ ವಾದ ಸಹಜ ನ್ಯಾಯದ್ದು. ಕರ್ನಾಟಕದ 1986ರ ಅನರ್ಹತೆ ನಿಯಮಗಳಲ್ಲಿ ಉತ್ತರಕ್ಕೆ ಏಳು ದಿನ ಎಂದಿದೆ. ನಮ್ಮ ಕಾಲ್ಪನಿಕ ರಾಜ್ಯದಲ್ಲೂ ಅದೇ ನಿಯಮವಿದೆ ಎಂದಿಟ್ಟುಕೊಳ್ಳೋಣ. ಸಿಕ್ಕಿದ್ದು ಮೂರು ದಿನ. ಅರ್ಜಿದಾರನ ಕಡೆಯವರು 2011ರ ಮೇ 13ರ ಬಾಲಚಂದ್ರ ಜಾರಕಿಹೊಳಿ ತೀರ್ಪನ್ನು ಮುಂದಿಡುತ್ತಾರೆ: ಅಲ್ಲೂ ಮೂರೇ ದಿನ, ಆದೇಶ ರದ್ದಾಯಿತು. ಎದುರಿನವರು 2019ರ ತೀರ್ಪನ್ನೇ ಮತ್ತೆ ತೆರೆಯುತ್ತಾರೆ: ಸಹಜ ನ್ಯಾಯ ಎಲ್ಲರಿಗೂ ಒಂದೇ ಅಳತೆಯ ಅಂಗಿಯಲ್ಲ, ಕಡಿಮೆ ದಿನ ಸಿಕ್ಕಿತು ಎಂದಮಾತ್ರಕ್ಕೆ ಆದೇಶ ಬೀಳುವುದಿಲ್ಲ. ನಿಯಮಾವಳಿ ಕಾರ್ಯವಿಧಾನಕ್ಕೆ ಸೇರಿದ್ದು, ಅದರ ಉಲ್ಲಂಘನೆ ಬರೀ ಅಕ್ರಮವೇ ಹೊರತು ಸಂವಿಧಾನದ ಉಲ್ಲಂಘನೆಯಲ್ಲ ಎಂಬ ರವಿ ನಾಯ್ಕ್ ಪ್ರಕರಣದ ಮಾತೂ ಅವರ ಬೆನ್ನಿಗಿದೆ.

ಪೀಠದ ಪ್ರಶ್ನೆ ಈಗ ಇಬ್ಬರಿಗೂ: “ಎರಡೂ ಕರ್ನಾಟಕದ್ದೇ, ಎರಡೂ ಸುಪ್ರೀಂ ಕೋರ್ಟಿನದೇ. ಯಾವುದನ್ನು ಅನುಸರಿಸೋಣ?”

ಉತ್ತರ ದಿನಗಳ ಎಣಿಕೆಯಲ್ಲಿ ಇಲ್ಲ. 2011ರ ತೀರ್ಪನ್ನು ಪೂರ್ತಿ ಓದಿದರೆ ಮೂರು ದಿನದ ಅವಸರದ ಪಕ್ಕದಲ್ಲಿ ಇನ್ನೆರಡು ಸಂಗತಿಗಳು ಕಾಣುತ್ತವೆ. ಅಂದಿನ ಪಕ್ಷದ ರಾಜ್ಯಾಧ್ಯಕ್ಷ ಕೆ.ಎಸ್. ಈಶ್ವರಪ್ಪ ಅವರ ಪ್ರಮಾಣಪತ್ರವನ್ನು ಸ್ಪೀಕರ್ ಆಧಾರ ಮಾಡಿಕೊಂಡಿದ್ದರು, ಶಾಸಕರಿಗೆ ಅದರ ಪ್ರತಿ ಸಿಕ್ಕಿರಲಿಲ್ಲ. ಜೊತೆಗೆ, ಬೆಂಬಲ ಹಿಂತೆಗೆದ ಪತ್ರಕ್ಕೆ ಸಹಿ ಹಾಕಿ ಆಮೇಲೆ ಹಿಂದೆ ಸರಿದ ಇಬ್ಬರು ಶಾಸಕರ ಹೇಳಿಕೆಗಳನ್ನೂ ಸ್ಪೀಕರ್ ಬಳಸಿಕೊಂಡರು. ಅದೇ ಪತ್ರ ಕೊಟ್ಟಿದ್ದ ಆ ಇಬ್ಬರಿಗೆ ಅನರ್ಹತೆ ತಗಲಲಿಲ್ಲ, ಉಳಿದವರಿಗೆ ತಗಲಿತು. ವಿಶ್ವಾಸಮತ 12ರೊಳಗೆ ಆಗಬೇಕೆಂದು ರಾಜ್ಯಪಾಲರು ಹೇಳಿದ್ದರು, ಆದೇಶ 10ರಂದು ಬಂತು. ಇವೆಲ್ಲವೂ ಸೇರಿ, ಹೇಗಾದರೂ ಮಾಡಿ ಮತದಾನಕ್ಕೆ ಮೊದಲೇ ಇವರನ್ನು ಹೊರಗಿಡುವ ಆತುರ ಸ್ಪೀಕರ್‌ಗಿತ್ತು ಎಂದು ನ್ಯಾಯಾಲಯ ಕಂಡಿತು.

2019ರಲ್ಲಿ ಸ್ಪೀಕರ್ ಆದೇಶ ಬಂದದ್ದು ಜುಲೈ 23ರ ವಿಶ್ವಾಸಮತ ಮುಗಿದ ಮೇಲೆ, 25 ಮತ್ತು 28ರಂದು. ಕಾಲ ಕಡಿಮೆಯಿತ್ತೆಂಬ ದೂರು ಅಲ್ಲಿ ಒಂಟಿಯಾಗಿ ನಿಂತಿತ್ತು, ಆ ಪ್ರಕರಣದ ಸನ್ನಿವೇಶದಲ್ಲಿ ನ್ಯಾಯಾಲಯಕ್ಕೆ ಅದು ಸಾಲಲಿಲ್ಲ.

ನಮ್ಮ ಸಮಸ್ಯೆ ಬರೆದವರು ಬೇಕೆಂದೇ ಎರಡನ್ನೂ ಬೆರೆಸಿದ್ದಾರೆ. ಆದೇಶ ಮತದಾನದ ನಂತರ ಬಂದಿದೆ, ಅಲ್ಲಿಗೆ 2019ರ ಹಾಗೆ. ಆದರೆ ಪ್ರಮಾಣಪತ್ರದ ಪ್ರತಿ ಕೊಟ್ಟಿಲ್ಲ, ಅಲ್ಲಿಗೆ 2010ರ ಹಾಗೆ. ಗೆಲ್ಲುವ ವಕೀಲೆ ಮೂರು ದಿನದ ಮಾತನ್ನು ಬೇಗ ಬಿಟ್ಟು ಕಾಣದ ಕಾಗದದ ಮೇಲೆ ಕೂರುತ್ತಾಳೆ. ಏನು ಆರೋಪ ಎಂದು ತಿಳಿಯದೆ ನೂರು ದಿನ ಕೊಟ್ಟರೂ ಉತ್ತರಿಸಲಾಗದು ಎನ್ನುತ್ತಾಳೆ. ಎದುರಿನವನಿಗೆ ಇರುವ ಒಳ್ಳೆಯ ಉತ್ತರ ಒಂದೇ: ಆ ಪ್ರಮಾಣಪತ್ರವನ್ನು ತೆಗೆದುಹಾಕಿದರೂ ಶಾಸಕ ಅಲ್ಲಗಳೆಯದ ಟಿ.ವಿ. ದೃಶ್ಯ ಮತ್ತು 18ರ ಗೈರು ಉಳಿಯುತ್ತವೆ, ಆದೇಶ ಅಷ್ಟರ ಮೇಲೇ ನಿಲ್ಲುತ್ತದೆ. ಆಗ ಪೀಠ ಆದೇಶದ ಪುಟ ತಿರುವಿಸಿ ಕೇಳುತ್ತದೆ: ಸ್ಪೀಕರ್ ಹಾಗೆಂದು ಎಲ್ಲಾದರೂ ಹೇಳಿದ್ದಾರೆಯೇ? ಆದೇಶದಲ್ಲಿ ಇಲ್ಲದ ಕಾರಣವನ್ನು ವಕೀಲ ಕೋರ್ಟಿನಲ್ಲಿ ಕೂಡಿಸಿಕೊಡಲಾಗದು.

ಉಳಿದ ಅವಧಿಯಿಡೀ ಅನರ್ಹ ಎಂಬ ಭಾಗದ ಬಗ್ಗೆ ಹೆಚ್ಚು ಚರ್ಚೆ ಬೇಕಿಲ್ಲ. 2019ರಲ್ಲಿ ಇಂಥದ್ದೇ ಸಾಲನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಅನರ್ಹತೆಯ ಅವಧಿ ಇಷ್ಟೆಂದು ಕಟ್ಟುವ ಅಧಿಕಾರ ಸ್ಪೀಕರ್‌ಗೆ ಇಲ್ಲ, ಅನರ್ಹನಾದವನು ಉಪಚುನಾವಣೆಗೆ ನಿಲ್ಲಬಹುದು ಎಂದಿತು. ಆ ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದು, ಗೆದ್ದವರಲ್ಲಿ ಹತ್ತು ಮಂದಿ 2020ರ ಫೆಬ್ರವರಿಯಲ್ಲಿ ಮಂತ್ರಿಗಳಾದರು.

ಸುಮ್ಮನೆ ಕೂತ ಸ್ಪೀಕರ್

ಕೊನೆಯ ಪ್ರಶ್ನೆ ಹದಿನಾಲ್ಕು ತಿಂಗಳ ಅರ್ಜಿಯದ್ದು. ಸ್ಪೀಕರ್ ಪರ ವಕೀಲ ಇಲ್ಲಿ ಕಿಹೋಟೊ ತೀರ್ಪನ್ನೇ ಗುರಾಣಿ ಮಾಡಿಕೊಳ್ಳುತ್ತಾನೆ. ಸ್ಪೀಕರ್ ತೀರ್ಮಾನ ಕೊಡುವ ಮೊದಲೇ ನ್ಯಾಯಾಲಯ ನಡುವೆ ಬರುವಂತಿಲ್ಲ ಎಂದು ಆ ತೀರ್ಪು ಸ್ಪಷ್ಟವಾಗಿ ಹೇಳಿದೆ. ತೀರ್ಮಾನವೇ ಇಲ್ಲದ ಮೇಲೆ ಪರಾಮರ್ಶೆ ಯಾವುದಕ್ಕೆ?

ಬಹಳ ಕಾಲ ಈ ವಾದ ಸ್ಪೀಕರ್‌ಗಳನ್ನು ಕಾಯಿತು. ಬೇಕಾದವನ ಮೇಲಿನ ಅರ್ಜಿಯನ್ನು ತಳ್ಳಿಹಾಕಿದರೆ ಕೋರ್ಟಿಗೆ ಹೋಗುತ್ತಾರೆ, ತೀರ್ಮಾನಿಸದೆ ಇಟ್ಟುಕೊಂಡರೆ ಹೋಗಲು ದಾರಿಯಿಲ್ಲ. ಇದನ್ನು ಮುರಿದದ್ದು ಮಣಿಪುರದ ಪ್ರಕರಣ. 2017ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ಶಾಸಕರೊಬ್ಬರು ಬಿಜೆಪಿ ನೇತೃತ್ವದ ಸರ್ಕಾರದಲ್ಲಿ ಮಂತ್ರಿಯಾದರು. ಅವರ ಮೇಲಿನ ಅರ್ಜಿಗಳು ವರ್ಷಗಟ್ಟಲೆ ಅಲುಗಾಡಲಿಲ್ಲ. 2020ರ ಜನವರಿಯಲ್ಲಿ ನ್ಯಾಯಮೂರ್ತಿ ಆರ್.ಎಫ್. ನರಿಮನ್ ಅವರ ಪೀಠ ಕಿಹೋಟೊ ಮಾತಿನ ಎಲ್ಲೆಯನ್ನು ವಿವರಿಸಿತು. ಮುಂಚಿತವಾಗಿ ನಡುವೆ ಬರಬಾರದು ಎಂದರೆ ವಿಚಾರಣೆಯನ್ನು ತಡೆಯಬಾರದು ಎಂದರ್ಥ; ವಿಚಾರಣೆ ಮುಗಿಸಿ ಎಂದು ಹೇಳುವುದು ತಡೆಯಲ್ಲ. ವಿಶೇಷ ಕಾರಣವಿಲ್ಲದಿದ್ದರೆ ಮೂರು ತಿಂಗಳೊಳಗೆ ತೀರ್ಮಾನವಾಗಬೇಕು. ಸ್ಪೀಕರ್ ಕೊಟ್ಟ ಗಡುವನ್ನೂ ಮೀರಿದಾಗ ಸುಪ್ರೀಂ ಕೋರ್ಟ್ 142ನೇ ವಿಧಿಯ ವಿಶೇಷಾಧಿಕಾರ ಬಳಸಿ, ಆ ಶಾಸಕ ಮಂತ್ರಿಯಾಗಿ ಮುಂದುವರಿಯುವಂತಿಲ್ಲ, ಸದನಕ್ಕೂ ಕಾಲಿಡುವಂತಿಲ್ಲ ಎಂದು ಆದೇಶಿಸಿತು. 2025ರ ಜುಲೈ 31ರಂದು ತೆಲಂಗಾಣದ ಹತ್ತು ಬಿಆರ್‌ಎಸ್ ಶಾಸಕರ ವಿಷಯದಲ್ಲೂ ಸ್ಪೀಕರ್‌ಗೆ ಅದೇ ಮೂರು ತಿಂಗಳ ಗಡುವು ಬಿತ್ತು.

ಹಾಗೆಂದು ಅರ್ಜಿದಾರನ ವಕೀಲೆ “ಸ್ಪೀಕರ್ ಬದಲು ತಾವೇ ಅವನನ್ನು ಅನರ್ಹಗೊಳಿಸಿ” ಎಂದು ಕೇಳಿದರೆ ಎಡವುತ್ತಾಳೆ. 2007ರಲ್ಲಿ ಉತ್ತರ ಪ್ರದೇಶದ 13 ಶಾಸಕರನ್ನು ಸುಪ್ರೀಂ ಕೋರ್ಟ್ ತಾನೇ ಅನರ್ಹಗೊಳಿಸಿದ್ದು ನಿಜ, ಅದು ವಿಧಾನಸಭೆಯ ಅವಧಿಯೇ ಮುಗಿಯುತ್ತಾ ಬಂದಿದ್ದ ಅಪರೂಪದ ಸನ್ನಿವೇಶ. ಸಾಮಾನ್ಯವಾಗಿ ಮೊದಲ ತೀರ್ಮಾನ ಸ್ಪೀಕರ್‌ದೇ ಎಂದು ಮಹಾರಾಷ್ಟ್ರದ ಶಿವಸೇನೆ ಪ್ರಕರಣದಲ್ಲಿ, 2023ರ ಮೇ ತಿಂಗಳಲ್ಲಿ, ಐವರ ಪೀಠ ಮತ್ತೆ ಹೇಳಿದೆ. ಕೇಳಬೇಕಾದದ್ದು ಗಡುವನ್ನು ಮಾತ್ರ.

ಪೀಠ ಏನೆನ್ನಬಹುದು

ಈ ಸಮಸ್ಯೆಗೆ ಬರಬಹುದಾದ ತೀರ್ಪು ಹೀಗಿರುತ್ತದೆ: ರಾಜೀನಾಮೆಯಿಂದ ಸ್ಪೀಕರ್ ಅಧಿಕಾರ ಮುಗಿಯಲಿಲ್ಲ. ಪಕ್ಷ ತೊರೆದನೆಂಬ ತೀರ್ಮಾನಕ್ಕೆ ಸಾಕ್ಷ್ಯವೇ ಇಲ್ಲವೆನ್ನಲಾಗದು. ಆದರೆ ಕಾಣದ ಪ್ರಮಾಣಪತ್ರವನ್ನು ನಂಬಿದ್ದು ಸಹಜ ನ್ಯಾಯಕ್ಕೆ ವಿರುದ್ಧ, ಆದ್ದರಿಂದ ಆದೇಶ ರದ್ದು. ಪ್ರತಿ ಕೊಟ್ಟು ಹೊಸದಾಗಿ ವಿಚಾರಿಸಬೇಕು. ಉಳಿದ ಅವಧಿಯ ಮಾತು ಹೇಗೂ ನಿಲ್ಲದು. ಹದಿನಾಲ್ಕು ತಿಂಗಳ ಅರ್ಜಿ ಮೂರು ತಿಂಗಳೊಳಗೆ ಮುಗಿಯಬೇಕು. ಇಬ್ಬರೂ ಅರ್ಧರ್ಧ ಗೆದ್ದಂತೆ. ಇನ್ನೊಂದು ಪೀಠ ಪ್ರಮಾಣಪತ್ರವನ್ನು ಬದಿಗಿಟ್ಟು ಉಳಿದ ಸಾಕ್ಷ್ಯ ಸಾಕೆಂದರೂ ಅದನ್ನು ತಪ್ಪೆನ್ನಲಾಗದು.

ವಿದ್ಯಾರ್ಥಿಗಳು ಬಗೆಹರಿಸಲಾಗದ ಒಂದು ತೊಡಕು ಎರಡೂ ವಾದಗಳ ಅಡಿಯಲ್ಲಿ ಉಳಿದೇ ಇದೆ. ಕಿಹೋಟೊ ಪ್ರಕರಣದಲ್ಲಿ ಭಿನ್ನಮತ ಬರೆದ ಇಬ್ಬರು ನ್ಯಾಯಮೂರ್ತಿಗಳು ಅದನ್ನು ಅಂದೇ ಎತ್ತಿದ್ದರು. ಸ್ಪೀಕರ್ ಆ ಪೀಠದಲ್ಲಿ ಉಳಿಯುವುದೇ ಸದನದ ಬಹುಮತದ ಬೆಂಬಲದಿಂದ. ಆ ಬಹುಮತವನ್ನೇ ಅಲುಗಿಸುವ ವ್ಯಾಜ್ಯಕ್ಕೆ ಅವರು ನಿಷ್ಪಕ್ಷಪಾತ ನ್ಯಾಯಾಧೀಶರಾಗುವುದು ಹೇಗೆ ಎಂದು ಕೇಳಿದ್ದರು. 2020ರ ಮಣಿಪುರ ತೀರ್ಪು, ಈ ಅಧಿಕಾರವನ್ನು ನಿವೃತ್ತ ನ್ಯಾಯಮೂರ್ತಿಗಳ ನೇತೃತ್ವದ ಶಾಶ್ವತ ನ್ಯಾಯಮಂಡಳಿಗೆ ಕೊಡುವ ಬಗ್ಗೆ ಸಂಸತ್ತು ಯೋಚಿಸಲಿ ಎಂದಿತು. 2025ರ ತೆಲಂಗಾಣ ತೀರ್ಪೂ ಈಗಿನ ವ್ಯವಸ್ಥೆಯನ್ನು ಮರುಪರಿಶೀಲಿಸುವಂತೆ ಸಂಸತ್ತನ್ನೇ ಕೇಳಿತು. 6ನೇ ಪ್ಯಾರಾ ಬದಲಾಗುವವರೆಗೂ ನ್ಯಾಯಾಲಯಗಳ ಕೈಯಲ್ಲಿರುವುದು ದಾರಿಯನ್ನು ಪರೀಕ್ಷಿಸುವ ಅಧಿಕಾರವಷ್ಟೇ. ಮುಂದಿನ ಸಲ ಶಾಸಕರು ಅನರ್ಹರಾದ ಸುದ್ದಿ ಬಂದಾಗ, ಯಾವ ಪಕ್ಷಕ್ಕೆ ಲಾಭ ಎಂದು ಲೆಕ್ಕ ಹಾಕುವ ಮೊದಲು ಆದೇಶದಲ್ಲಿ ಮೂರು ವಿಷಯ ಹುಡುಕಿ ನೋಡಿ: ಕೃತ್ಯದ ದಿನ ಯಾವುದು, ಆಧಾರವಾದ ಕಾಗದಗಳು ಶಾಸಕನ ಕೈ ಸೇರಿದ್ದವೇ, ಅದೇ ಸ್ಪೀಕರ್ ಮುಂದೆ ತೀರ್ಮಾನವಾಗದೆ ಉಳಿದ ಬೇರೆ ಅರ್ಜಿ ಯಾರ ಮೇಲಿನದು. ಆ ಆದೇಶ ಕೋರ್ಟಿನಲ್ಲಿ ಉಳಿಯುತ್ತದೋ ಇಲ್ಲವೋ ಎಂದು ಬಹುಮಟ್ಟಿಗೆ ಅಲ್ಲೇ ಅಂದಾಜು ಸಿಗುತ್ತದೆ.